ನೀರಲ್ಲಿ ಮುಳುಗಿದವರಿಗೆ ಉಸಿರು ಊದುವುದು ಹೇಗೆ? ನಾವು ಬಿಟ್ಟ ಗಾಳಿ ಯಾಕೆ ಸಾಕಾಗುತ್ತದೆ?

ಮಂಡ್ಯ ಸುತ್ತಮುತ್ತಲ ಹಳ್ಳಿಗಳಲ್ಲಿ ಪ್ರಥಮ ಚಿಕಿತ್ಸೆ ಕಲಿಸುವಾಗ ಜನ ಎರಡು ಕಡೆ ಪದೇ ಪದೇ ಎಡವುತ್ತಾರೆ. ಅಭ್ಯಾಸದ ಗೊಂಬೆಯ ಬಾಯಿಗೆ ಎಷ್ಟು ಊದಿದರೂ ಅದರ ಎದೆ ಏಳುವುದಿಲ್ಲ. ಇನ್ನು ಕೆಲವರಿಗೆ ಊದುವುದಕ್ಕೇ ಮನಸ್ಸು ಬರುವುದಿಲ್ಲ. "ಅಲ್ಲ ಸಾ, ನಾವ್ ಬುಟ್ಟಿದ್ ಗಾಳಿ ಕೆಟ್ಟಿದ್ದಲ್ವಾ? ಅದ್ನೇ ಊದುದ್ರೆ ಇನ್ನೂ ಬೇಗ ಹೋಗ್‌ಬುಡಲ್ವಾ?" ಅಂತ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅನುಮಾನ ಮನಸ್ಸಲ್ಲಿ ಉಳಿದರೆ ನಾಲೆಯ ಏರಿಯ ಮೇಲೆ ಕೈಕಾಲು ಆಡುವುದಿಲ್ಲ. ಹಾಗಾಗಿ ಮೊದಲು ಅದಕ್ಕೆ ಉತ್ತರ, ಆಮೇಲೆ ಹಂತಗಳು.

ಇಲ್ಲಿ ಹೇಳುತ್ತಿರುವುದು ನೀರಲ್ಲಿ ಮುಳುಗಿದವರ ವಿಷಯ ಮಾತ್ರ. ವಿ.ಸಿ. ನಾಲೆ, ವರುಣಾ ನಾಲೆ, ಶ್ರೀರಂಗಪಟ್ಟಣದ ಕಾವೇರಿ, ಬಲಮುರಿ, ಊರಿನ ಕೆರೆ, ಕೃಷಿ ಹೊಂಡ ಇರುವ ನಮ್ಮ ಕಡೆ ಇದನ್ನು ತಿಳಿದಿರಲೇಬೇಕು.

## ಬಿಟ್ಟ ಉಸಿರಲ್ಲಿ ಏನಿರುತ್ತದೆ

ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಹೊರಗೆ ಬಿಡುವ ಗಾಳಿಯಲ್ಲಿ ಅದು ಪೂರ್ತಿ ಖಾಲಿಯಾಗಿರುತ್ತದೆ ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಬಿಟ್ಟ ಗಾಳಿಯಲ್ಲೂ 16ರಿಂದ 17 ಪಾಲು ಆಮ್ಲಜನಕ ಇರುತ್ತದೆ. ಅಂದರೆ ಒಂದು ಉಸಿರಲ್ಲಿ ನಮ್ಮ ದೇಹ ತೆಗೆದುಕೊಳ್ಳುವುದು ನಾಲ್ಕೈದು ಪಾಲು ಮಾತ್ರ. ಅದರ ಜಾಗಕ್ಕೆ ಸುಮಾರು 4 ಪಾಲು ಕಾರ್ಬನ್ ಡೈ ಆಕ್ಸೈಡ್ ಸೇರುತ್ತದೆ.

ಇಷ್ಟೊಂದು ಯಾಕೆ ಉಳಿಯುತ್ತದೆ ಅನ್ನುವುದಕ್ಕೆ ಒಂದು ಉಸಿರನ್ನೇ ಬಿಡಿಸಿ ನೋಡಿ. ದೊಡ್ಡವರ ಒಂದು ಸಾಮಾನ್ಯ ಉಸಿರು ಸುಮಾರು 500 ಮಿಲಿಲೀಟರ್. ಅದರಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳದಲ್ಲೇ ನಿಂತುಬಿಡುತ್ತದೆ. ಅಲ್ಲಿ ರಕ್ತಕ್ಕೂ ಗಾಳಿಗೂ ಕೊಡು-ಕೊಳ್ಳುವಿಕೆ ಇಲ್ಲ. ಹಾಗಾಗಿ ಆ ಗಾಳಿ ಹೋದ ಹಾಗೇ 21 ಪಾಲು ಆಮ್ಲಜನಕದ ಜೊತೆ ವಾಪಸ್ ಬರುತ್ತದೆ. ಉಳಿದ 350 ಮಿಲಿಲೀಟರ್ ಶ್ವಾಸಕೋಶದ ಗಾಳಿಚೀಲಗಳ ತನಕ ಇಳಿಯುತ್ತದೆ. ಅಲ್ಲಿಂದ ಬರುವಾಗ ಅದರಲ್ಲಿ ಸುಮಾರು 14.5 ಪಾಲು ಆಮ್ಲಜನಕ ಉಳಿದಿರುತ್ತದೆ. ಎರಡನ್ನೂ ಕೂಡಿಸಿದರೆ 500 ಮಿಲಿಲೀಟರ್‌ಗೆ 82ರಷ್ಟು ಆಮ್ಲಜನಕ, ಅಂದರೆ ನೂರಕ್ಕೆ ಹತ್ತಿರ ಹತ್ತಿರ 16.5. ನಾವು ಊದುವಾಗ ಮೊದಲು ಹೊರಗೆ ಬರುವುದು ಬಳಕೆಯಾಗದ ಆ 150ರ ಭಾಗವೇ.

ಸರಿ, 16.5 ಪಾಲು ಒಬ್ಬ ಮನುಷ್ಯನಿಗೆ ಸಾಕೇ? ಇದನ್ನು ಊಟಿಗೆ ಹೋಗಿಬಂದವರಿಗೆ ಸುಲಭವಾಗಿ ಹೇಳಬಹುದು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಅದರ ಜೊತೆ ಆಮ್ಲಜನಕದ ಒತ್ತಡವೂ ಇಳಿಯುತ್ತದೆ. ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿ. ಇಲ್ಲಿ ನಿಂತು 16.5 ಪಾಲು ಆಮ್ಲಜನಕದ ಗಾಳಿ ಎಳೆದರೆ, ಆಮ್ಲಜನಕದ ಲೆಕ್ಕದಲ್ಲಿ ಅದು 2637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಯಲ್ಲಿ ಉಸಿರಾಡಿದಷ್ಟೇ ಆಗುತ್ತದೆ. ದೊಡ್ಡಬೆಟ್ಟದ ಮೇಲೆ ಮಕ್ಕಳು ಓಡಾಡಿಕೊಂಡೇ ಇರುತ್ತಾರೆ, ಅಲ್ವಾ? ಅಷ್ಟು ಒತ್ತಡದಲ್ಲೂ ಆರೋಗ್ಯವಂತರ ರಕ್ತ ತಾನು ಹೊರಬಲ್ಲ ಆಮ್ಲಜನಕದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ತುಂಬಿಕೊಳ್ಳುತ್ತದೆ.

ಇನ್ನು ಕಾರ್ಬನ್ ಡೈ ಆಕ್ಸೈಡ್ ಭಯ. 4 ಪಾಲು ಇರುವುದು ನಿಜ. ಅದರಿಂದ ಮುಳುಗಿದವರ ರಕ್ತದಲ್ಲಿ ಆ ಅನಿಲ ಇಳಿಯುವುದು ಸ್ವಲ್ಪ ನಿಧಾನವಾಗುತ್ತದೆ. ಆದರೆ ಆ ಹೊತ್ತಿಗೆ ಜೀವ ತೆಗೆಯುತ್ತಿರುವುದು ಅದಲ್ಲ, ಆಮ್ಲಜನಕ ಇಲ್ಲದಿರುವುದು. ಊದದೆ ಬಿಟ್ಟರೆ ಅವರ ಶ್ವಾಸಕೋಶದಲ್ಲಿ ಆ ಅನಿಲ ಹೇಗೂ ಇನ್ನೂ ಹೆಚ್ಚಾಗುತ್ತಲೇ ಹೋಗುತ್ತದೆ.

## ಮುಳುಗಿದವರಿಗೆ ಎದೆ ಒತ್ತಿದರಷ್ಟೇ ಸಾಲದು

ಸಾರ್ವಜನಿಕರಿಗೆ ಕಲಿಸುವಾಗ ಈಗ ಹೆಚ್ಚಾಗಿ "ಊದಬೇಡಿ, ಎದೆ ಮಾತ್ರ ಒತ್ತಿ" ಅಂತ ಹೇಳಿಕೊಡುತ್ತಾರೆ. ದಿಢೀರ್ ಹೃದಯ ನಿಂತು ಬಿದ್ದವರ ವಿಷಯದಲ್ಲಿ ಅದು ಸರಿ. ಅವರು ಬೀಳುವ ಕ್ಷಣದವರೆಗೂ ಉಸಿರಾಡುತ್ತಿದ್ದವರು. ರಕ್ತದಲ್ಲಿ ಇನ್ನೂ ಕೆಲವು ನಿಮಿಷಕ್ಕೆ ಆಗುವಷ್ಟು ಆಮ್ಲಜನಕ ಇರುತ್ತದೆ. ಅದನ್ನು ಮೆದುಳಿಗೆ ತಲುಪಿಸಿದರೆ ಸಾಕು.

ಮುಳುಗಿದವರಲ್ಲಿ ನಡೆಯುವುದು ಇದರ ಉಲ್ಟಾ. ಮೊದಲು ಉಸಿರು ನಿಲ್ಲುತ್ತದೆ. ರಕ್ತದಲ್ಲಿದ್ದ ಆಮ್ಲಜನಕ ಖರ್ಚಾಗುತ್ತದೆ. ಅದು ಮುಗಿದ ಮೇಲೆ ಹೃದಯ ನಿಧಾನವಾಗಿ ಕೊನೆಗೆ ನಿಲ್ಲುತ್ತದೆ. ಆಗ ಬರೀ ಎದೆ ಒತ್ತಿದರೆ ಆಮ್ಲಜನಕವಿಲ್ಲದ ರಕ್ತವನ್ನೇ ಸುತ್ತಿಸಿದಂತಾಗುತ್ತದೆ. ಇನ್ನೊಂದು ಮುಖ್ಯ ವಿಷಯವಿದೆ. ಬೇಗ ಮೇಲೆತ್ತಿದ್ದರೆ ಎಷ್ಟೋ ಸಲ ಹೃದಯ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಉಸಿರು ಮಾತ್ರ ನಿಂತಿರುತ್ತದೆ. ಅಂಥವರಿಗೆ ಮೊದಲ ಕೆಲವು ಊದುವಿಕೆಯಲ್ಲೇ ಉಸಿರು ತಿರುಗಬಹುದು. ಅದಕ್ಕೇ ಇಲ್ಲಿ ಊದುವುದು ಮೊದಲು, ಒತ್ತುವುದು ಆಮೇಲೆ.

## ಬೇಕಾಗುವ ಸಾಮಾನು

ನಾಲೆ ಪಕ್ಕದ ಮನೆ, ತೋಟದ ಶೆಡ್ಡಲ್ಲಿ ಒಂದು ಉದ್ದ ಹಗ್ಗ, ಗಾಳಿ ತುಂಬಿದ ಟ್ಯೂಬ್, ಬಿದಿರ ಗಳ ಇದ್ದರೆ ಒಳ್ಳೆಯದು. ಒಂದು ಒಣ ಬಟ್ಟೆ, ಒಂದು ಫೋನ್. ಬಾಯಿಗೆ ಬಾಯಿ ಇಡಲು ಹಿಂಜರಿಕೆ ಇರುವವರು ಒಮ್ಮುಖ ಕವಾಟ ಇರುವ ಪಾಕೆಟ್ ಮಾಸ್ಕ್ ತಂದಿಟ್ಟುಕೊಳ್ಳಬಹುದು. ಕರವಸ್ತ್ರ ಹೊದಿಸಿ ಊದುವುದರಿಂದ ಸೋಂಕು ತಡೆದಂತಾಗುವುದಿಲ್ಲ. ಒದ್ದೆ ಬಟ್ಟೆಯಾದರೆ ಗಾಳಿಗೇ ಅಡ್ಡ ಬರುತ್ತದೆ.

## ಹಂತ 1: ನೀವು ನೀರಿಗೆ ಹಾರಬೇಡಿ

ನಾಲೆಯ ಇಳಿಜಾರಿಗೆ ಸಿಮೆಂಟ್ ಹಾಕಿರುವ ಕಡೆ ಪಾಚಿ ಕಟ್ಟಿ ಜಾರುತ್ತದೆ, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಹೋಗುವುದು ಹೀಗೇ. ಹಗ್ಗ, ಸೀರೆ, ಪಂಚೆ, ಗಳ, ಟ್ಯೂಬ್ ಏನಿದೆಯೋ ಅದನ್ನು ಚಾಚಿ ಅಥವಾ ಎಸೆಯಿರಿ. ಚಾಚುವಾಗ ಏರಿಯ ಮೇಲೆ ಬೋರಲು ಮಲಗಿ, ಹಿಂದಿನಿಂದ ಒಬ್ಬರು ನಿಮ್ಮ ಕಾಲು ಹಿಡಿದಿರಲಿ.

## ಹಂತ 2: ಮಲಗಿಸಿ, ನೋಡಿ, ಕರೆ ಮಾಡಿ

ಮೇಲೆ ತಂದ ಕೂಡಲೇ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಏರಿ ಇಳಿಜಾರಿದ್ದರೆ ನೀರಿಗೆ ಸಮಾನಾಂತರವಾಗಿ ಮಲಗಿಸಿ, ತಲೆ ಕಾಲು ಒಂದೇ ಮಟ್ಟದಲ್ಲಿರಲಿ.

ಭುಜ ತಟ್ಟಿ ಜೋರಾಗಿ ಕೂಗಿ. ಎಚ್ಚರವಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಎದೆ ಏರಿಳಿಯುತ್ತಿದೆಯೇ ಅಂತ ನೋಡಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ. ಇಲ್ಲಿ ಒಂದು ಮೋಸವಿದೆ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆ ಹೊಡೆದಂತೆ ಗಾಳಿ ಎಳೆದರೆ "ಉಸಿರಾಡ್ತಾವ್ನೆ ಬಿಡಿ" ಅನ್ನುತ್ತಾರೆ. ಅದು ಉಸಿರಾಟವಲ್ಲ. ಅದನ್ನು ಉಸಿರು ನಿಂತಂತೆಯೇ ಲೆಕ್ಕ ಹಾಕಿ.

ಯಾರಾದರೂ ಜೊತೆಗಿದ್ದರೆ 108 ಅಥವಾ 112ಕ್ಕೆ ಅವರು ಕರೆ ಮಾಡಲಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಟ್ಟು ಕೆಲಸ ಶುರು ಮಾಡಿ. ಜಾಗ ಹೇಳುವಾಗ ಊರ ಹೆಸರಷ್ಟೇ ಸಾಲದು, ಹತ್ತಿರದ ಸೇತುವೆ, ತೂಬು, ದೇವಸ್ಥಾನ ಹೇಳಿ. ಫೋನೇ ಇಲ್ಲದಿದ್ದರೆ ಒಂದೆರಡು ನಿಮಿಷ ಊದಿ, ಒತ್ತಿ, ಆಮೇಲೆ ಸಹಾಯಕ್ಕೆ ಓಡಿ.

## ಹಂತ 3: ಗಾಳಿ ದಾರಿ ತೆರೆಯಿರಿ

ಎದೆ ಏಳದಿರುವುದಕ್ಕೆ ಹತ್ತರಲ್ಲಿ ಎಂಟು ಸಲ ಈ ಹಂತ ಸರಿಯಾಗದಿರುವುದೇ ಕಾರಣ ಅನ್ನುವುದು ನನ್ನ ಅನುಭವ. ಎಚ್ಚರ ತಪ್ಪಿದವರ ನಾಲಿಗೆ ಸಡಿಲವಾಗಿ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚಿರುತ್ತದೆ. ಒಂದು ಅಂಗೈ ಹಣೆಯ ಮೇಲಿಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿ. ಇನ್ನೊಂದು ಕೈಯ ಎರಡು ಬೆರಳನ್ನು ಗದ್ದದ ಮೂಳೆಯ ಕೆಳಗಿಟ್ಟು ಮೇಲಕ್ಕೆತ್ತಿ. ಗದ್ದದ ಜೊತೆ ನಾಲಿಗೆಯೂ ಎದ್ದು ದಾರಿ ಬಿಡುತ್ತದೆ.

ಬೆರಳು ಮೂಳೆಯ ಮೇಲೇ ಇರಬೇಕು. ಗದ್ದದ ಕೆಳಗಿನ ಮೆತ್ತನೆಯ ಜಾಗವನ್ನು ಒತ್ತಿದರೆ ನಾಲಿಗೆಯನ್ನು ನೀವೇ ಮೇಲಕ್ಕೆ ತಳ್ಳಿ ದಾರಿ ಮುಚ್ಚಿದಂತಾಗುತ್ತದೆ. ತಲೆಯ ಕೆಳಗೆ ದಿಂಬು, ಬಟ್ಟೆಗಂಟು ಇಡುವುದೂ ತಪ್ಪು, ಕತ್ತು ಮುಂದಕ್ಕೆ ಮಡಚುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ತಲೆಯನ್ನು ಜಾಸ್ತಿ ಬಾಗಿಸಬೇಡಿ, ಮುಖ ನೇರ ಮೇಲಕ್ಕೆ ನೋಡುವಂತಿದ್ದರೆ ಸಾಕು.

ಬಾಯಲ್ಲಿ ಜೊಂಡು, ಕೆಸರು ಕಣ್ಣಿಗೆ ಕಂಡರೆ ತೆಗೆಯಿರಿ. ಕಾಣದಿದ್ದರೆ ಬೆರಳು ಹಾಕಿ ತಡಕಾಡಬೇಡಿ. ಬಾಯಲ್ಲಿ ನೊರೆ ಬರುತ್ತಿದ್ದರೆ ಅದನ್ನು ಒರೆಸುತ್ತಾ ಕೂರಬೇಡಿ. ಒರೆಸಿದಷ್ಟೂ ಬರುತ್ತದೆ. ನೊರೆ ಇದ್ದ ಹಾಗೇ ಊದಿ.

## ಹಂತ 4: ಮೊದಲ ಐದು ಉಸಿರು

ಹಣೆಯ ಮೇಲಿರುವ ಕೈಯ ಹೆಬ್ಬೆರಳು, ತೋರುಬೆರಳಿನಿಂದ ಮೂಗಿನ ಹೊಳ್ಳೆ ಒತ್ತಿ ಹಿಡಿಯಿರಿ. ಮಾಮೂಲಿ ಉಸಿರೊಂದನ್ನು ಎಳೆದುಕೊಳ್ಳಿ. ನಿಮ್ಮ ಬಾಯನ್ನು ಅಗಲಿಸಿ ಅವರ ಬಾಯನ್ನು ಪೂರ್ತಿ ಮುಚ್ಚಿ, ಒಂದು ಸೆಕೆಂಡಿನಷ್ಟು ಹೊತ್ತು ಊದಿ. ಊದುವಾಗ ಕಣ್ಣು ಅವರ ಎದೆಯ ಮೇಲಿರಲಿ. ಎದೆ ಮೇಲೆದ್ದಿದ್ದು ಕಂಡರೆ ನಿಲ್ಲಿಸಿ, ಬಾಯಿ ತೆಗೆಯಿರಿ, ಎದೆ ಇಳಿಯಲು ಬಿಡಿ. ಹೀಗೆ ಐದು ಸಲ. ಕೆಲವು ತರಬೇತಿಯಲ್ಲಿ ಎರಡು ಅಂತ ಕಲಿಸುತ್ತಾರೆ, ಹಾಗೆ ಕಲಿತವರು ಎರಡನ್ನೇ ಚೆನ್ನಾಗಿ ಕೊಡಿ. ಕೂಸಿಗಾದರೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಕೆನ್ನೆಯಲ್ಲಿರುವಷ್ಟು ಗಾಳಿ ಮಾತ್ರ ಬಿಡಿ.

ಜೋರಾಗಿ ಊದಿದರೆ ಜಾಸ್ತಿ ಆಮ್ಲಜನಕ ಹೋಗುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. ಆಗುವುದು ಬೇರೆ. ಶ್ವಾಸನಾಳದ ಹಿಂದೆಯೇ ಅನ್ನನಾಳ ಇದೆ. ಮೆಲ್ಲಗೆ ಬಂದ ಗಾಳಿಗೆ ಅದು ಮುಚ್ಚಿಕೊಂಡೇ ಇರುತ್ತದೆ. ರಭಸ ಜಾಸ್ತಿಯಾದರೆ ತೆರೆದುಕೊಂಡು ಗಾಳಿ ಹೊಟ್ಟೆಗೆ ನುಗ್ಗುತ್ತದೆ. ಮುಳುಗಿದವರ ಹೊಟ್ಟೆಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಅದರ ಮೇಲೆ ಗಾಳಿಯೂ ಸೇರಿದರೆ ವಾಂತಿ ಆಗಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಬ್ಬಿದ ಹೊಟ್ಟೆ ಕೆಳಗಿನಿಂದ ಒತ್ತುವುದರಿಂದ ಶ್ವಾಸಕೋಶ ಹಿಗ್ಗಲೂ ಜಾಗ ಸಿಗುವುದಿಲ್ಲ. ಎದೆ ಏಳದೆ ಹೊಟ್ಟೆಯ ಮೇಲ್ಭಾಗ ಏಳುತ್ತಿದ್ದರೆ ಅದೇ ಎಚ್ಚರಿಕೆ. ತಲೆ ಇನ್ನಷ್ಟು ಬಾಗಿಸಿ, ರಭಸ ಕಡಿಮೆ ಮಾಡಿ. ಉಬ್ಬಿದ ಹೊಟ್ಟೆಯನ್ನು ಅದುಮಲು ಹೋಗಬೇಡಿ.

ಒಂದರ ಹಿಂದೊಂದು ಆಳವಾದ ಉಸಿರು ಎಳೆದು ಊದಿದರೆ ನಿಮಗೇ ತಲೆ ಸುತ್ತುತ್ತದೆ. ಮಾಮೂಲಿ ಉಸಿರು ಸಾಕು ಅನ್ನುವುದನ್ನು ಮೇಲಿನ ಲೆಕ್ಕದಲ್ಲೇ ನೋಡಿದ್ದೇವೆ.

## ಹಂತ 5: ಎದೆ ಏಳದಿದ್ದರೆ

ಎಲ್ಲಿ ತಪ್ಪುತ್ತಿದೆ ಅನ್ನುವುದನ್ನು ಕಿವಿ, ಕೆನ್ನೆಯೇ ಹೇಳುತ್ತವೆ. ಊದುವಾಗ ನಿಮ್ಮ ಕೆನ್ನೆಗೆ ತಣ್ಣನೆ ಗಾಳಿ ತಗುಲಿದರೆ ಮೂಗು ಸರಿಯಾಗಿ ಹಿಡಿದಿಲ್ಲ. ತುಟಿಯ ಅಂಚಲ್ಲಿ ಪುರ್ ಅಂತ ಸದ್ದು ಬಂದರೆ ಬಾಯಿ ಪೂರ್ತಿ ಮುಚ್ಚಿಲ್ಲ. ಒದ್ದೆ ಮುಖದ ಮೇಲೆ ಬಾಯಿ ಜಾರುವುದು ಜಾಸ್ತಿ. ಒಣ ಬಟ್ಟೆಯಿಂದ ತುಟಿಯ ಸುತ್ತ ಒಂದು ಸಲ ಒತ್ತಿ ತೆಗೆಯಿರಿ, ಅಷ್ಟು ಸಾಕು. ಎಲ್ಲೂ ಸೋರುತ್ತಿಲ್ಲ, ಆದರೂ ಗೋಡೆಗೆ ಊದಿದ ಹಾಗೆ ತಡೆಯುತ್ತಿದೆ ಅಂದರೆ ದಾರಿ ಮುಚ್ಚಿದೆ. ಹಂತ 3ಕ್ಕೆ ಹೋಗಿ, ತಲೆಯನ್ನು ಒಮ್ಮೆ ನೇರ ಮಾಡಿ ಮತ್ತೆ ಬಾಗಿಸಿ.

ಕೆಲವರಲ್ಲಿ ಎಲ್ಲ ಸರಿಯಿದ್ದರೂ ಎದೆ ಗಟ್ಟಿಯಾಗಿ, ಸ್ವಲ್ಪವೇ ಏಳುತ್ತದೆ. ನೀರು ಹೋದ ಶ್ವಾಸಕೋಶ ಬಿಗಿಯಾಗಿರುತ್ತದೆ. ಅಂಥವರಲ್ಲಿ ಆ ಸಣ್ಣ ಏರಿಳಿತವೇ ಸಾಕು ಅಂದುಕೊಂಡು ಮುಂದುವರಿಯಿರಿ.

ಆಮೇಲಿನ ಸುತ್ತುಗಳಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ಎದೆ ಎದ್ದರೂ ಏಳದಿದ್ದರೂ ಪ್ರಯತ್ನ ಎರಡೇ. ಎರಡಾದ ಕೂಡಲೇ ಒತ್ತಲು ಹೋಗಿ. ಇಪ್ಪತ್ತು ಸೆಕೆಂಡ್ ಊದುವುದರಲ್ಲೇ ಕಳೆದರೆ ಅಷ್ಟೂ ಹೊತ್ತು ರಕ್ತ ನಿಂತಿರುತ್ತದೆ.

## ಹಂತ 6: ಮೂವತ್ತು ಒತ್ತು, ಎರಡು ಉಸಿರು

ಐದು ಉಸಿರಾದ ಮೇಲೂ ಕೆಮ್ಮು, ಅಲುಗಾಟ, ಸರಿಯಾದ ಉಸಿರು ಬರದಿದ್ದರೆ ಎದೆಯ ನಡುವಿನ ಮೂಳೆಯ ಕೆಳಗಿನ ಅರ್ಧಭಾಗದಲ್ಲಿ ಅಂಗೈಯ ಹಿಮ್ಮಡಿ ಭಾಗ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು ಒತ್ತಿ. ಮೊಣಕೈ ನೇರವಿರಲಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲಿ. 30 ಒತ್ತಿ, 2 ಊದಿ, ಮತ್ತೆ 30.

ನಿಮಿಷಕ್ಕೆ ಬರೀ ಐದಾರು ಉಸಿರು ಹೇಗೆ ಸಾಲುತ್ತದೆ ಅಂತ ಅನಿಸಬಹುದು. ಚೆನ್ನಾಗಿ ಒತ್ತಿದರೂ ರಕ್ತದ ಓಟ ಮಾಮೂಲಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟೇ ಇರುತ್ತದೆ. ಶ್ವಾಸಕೋಶಕ್ಕೆ ಬರುವ ರಕ್ತವೇ ಕಡಿಮೆ, ಅದನ್ನು ತುಂಬಲು ಬೇಕಾದ ಗಾಳಿಯೂ ಕಡಿಮೆ. ಗಾಬರಿಯಲ್ಲಿ ಪದೇ ಪದೇ ಊದಿದರೆ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ವಾಪಸ್ ಬರುವ ರಕ್ತ ಇನ್ನೂ ಕಡಿಮೆಯಾಗುತ್ತದೆ.

## ಮೊದಲ ಎರಡು ನಿಮಿಷ ಹೇಗೆ ಸಾಗುತ್ತದೆ

ಪಾಂಡವಪುರ ಕಡೆಯ ನಾಲೆಯೊಂದರಲ್ಲಿ 14 ವರ್ಷದ ಹುಡುಗ ಮುಳುಗಿದ್ದಾನೆ, ಅವನ ಮಾವ ಮತ್ತು ಪಕ್ಕದ ಗದ್ದೆಯವರು ಹಗ್ಗ ಹಾಕಿ ಎಳೆದಿದ್ದಾರೆ ಅಂತ ಇಟ್ಟುಕೊಳ್ಳೋಣ. ಮಾವ ಹುಡುಗನನ್ನು ಏರಿಯ ಮೇಲೆ ಮಲಗಿಸಿ ಕೂಗುತ್ತಾರೆ, ಎದೆ ನೋಡುತ್ತಾರೆ. ಉಸಿರಿಲ್ಲ. ಗದ್ದೆಯವರು 108ಕ್ಕೆ ಫೋನ್ ಹಚ್ಚಿದ್ದಾರೆ. ಇಷ್ಟರಲ್ಲಿ 15 ಸೆಕೆಂಡ್.

ಮಾವನ ಮೊದಲ ಊದುವಿಕೆಗೆ ಎದೆ ಏಳುವುದಿಲ್ಲ, ಕೆನ್ನೆಗೆ ಗಾಳಿ ತಗುಲುತ್ತದೆ. ಮೂಗನ್ನು ಗಟ್ಟಿ ಹಿಡಿದು ಎರಡನೆಯದು. ಈ ಸಲ ಎದೆಯಲ್ಲ, ಹೊಟ್ಟೆ ಏಳುತ್ತದೆ. ಗದ್ದ ಇನ್ನಷ್ಟು ಎತ್ತಿ, ಮೆಲ್ಲಗೆ ಮೂರನೆಯದು. ಎದೆ ಎದ್ದಿತು. ನಾಲ್ಕು, ಐದು. ಇಲ್ಲಿಗೆ 35 ಸೆಕೆಂಡ್. ಹುಡುಗ ಅಲುಗಿಲ್ಲ. ಒತ್ತಲು ಶುರು. ಮೂವತ್ತಕ್ಕೆ 16 ಸೆಕೆಂಡ್, ಎರಡು ಉಸಿರಿಗೆ ನಾಲ್ಕೈದು.

ಎರಡನೇ ಸುತ್ತಿನಲ್ಲಿ ಬಾಯಿಂದ ನೀರು, ಅನ್ನ ಬರುತ್ತದೆ. ಇಬ್ಬರೂ ಸೇರಿ ತಲೆ, ಭುಜ, ಸೊಂಟ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಬಾಯಿ ಬಳಿದು ತೆಗೆದು, ಮತ್ತೆ ಅಂಗಾತ ಮಾಡಿ ಮುಂದುವರಿಸುತ್ತಾರೆ. ವಾಂತಿ ಆಯಿತೆಂದು ಊದುವುದನ್ನು ಬಿಡಬಾರದು. ಮುಳುಗಿದವರಲ್ಲಿ ಹೀಗಾಗುವುದು ಮಾಮೂಲಿ. ಎರಡು ನಿಮಿಷದ ಆಸುಪಾಸಿನಲ್ಲಿ ಮಾವನ ಕೈ ಸೋಲುತ್ತದೆ, ಒತ್ತಿನ ಆಳ ಕಡಿಮೆಯಾಗುತ್ತದೆ. ಆಗ ಒತ್ತುವುದನ್ನು ಗದ್ದೆಯವರು ತೆಗೆದುಕೊಳ್ಳಬೇಕು, ಮಾವ ತಲೆಯ ಬಳಿ ಕೂತು ಊದಬೇಕು.

## ಇವನ್ನು ಮಾಡಬೇಡಿ

ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ಹೆಗಲ ಮೇಲೆ ಬೋರಲು ಹಾಕಿ ಓಡುವುದು, ಗಿರಗಿರ ತಿರುಗಿಸುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ನಮ್ಮಲ್ಲಿ ಇನ್ನೂ ನಡೆಯುತ್ತದೆ. ಹೀಗೆ ಹೊರಗೆ ಬರುವುದು ಬಹುಪಾಲು ಹೊಟ್ಟೆಯ ನೀರು. ಉಸಿರಿಗೆ ಅಡ್ಡಿಯಾಗಿರುವುದು ಅದಲ್ಲ. ಶ್ವಾಸಕೋಶಕ್ಕೆ ಹೋಗಿರುವ ನೀರು ಸಾಮಾನ್ಯವಾಗಿ ಸ್ವಲ್ಪವೇ, ಅದು ಇದ್ದ ಹಾಗೇ ಊದಿದ ಗಾಳಿ ಒಳಗೆ ಹೋಗುತ್ತದೆ. ನೀರು ತೆಗೆಯುವ ಹೆಸರಲ್ಲಿ ಕಳೆದುಹೋಗುವ ಎರಡು ಮೂರು ನಿಮಿಷವೇ ಜೀವಕ್ಕೆ ಎರವಾಗುತ್ತದೆ.

ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಮುಳುಗಿದವರು ಬದುಕುತ್ತಾರೆ ಅನ್ನುವ ಸಂದೇಶ ಫೋನುಗಳಲ್ಲಿ ಓಡಾಡಿದೆ. ಅದನ್ನು ನಂಬಿ ಮಾಡಿದ ಪ್ರಸಂಗಗಳೂ ನಮ್ಮ ರಾಜ್ಯದಲ್ಲಿ ನಡೆದಿವೆ. ಅದು ಶುದ್ಧ ಸುಳ್ಳು. ಉಪ್ಪು ತರುವ ಹೊತ್ತಿಗೆ ಮೆದುಳು ಸತ್ತಿರುತ್ತದೆ.

ರೈತರ ಮನೆಗಳಲ್ಲಿ ಗೊತ್ತಿರಬೇಕಾದ ಒಂದು ವಿಷಯವೂ ಇದೆ. ಬಿದ್ದವರು ಕೀಟನಾಶಕ ಕುಡಿದಿದ್ದಾರೆ ಅನ್ನುವ ಅನುಮಾನವಿದ್ದರೆ, ಬಾಯಲ್ಲಿ ಔಷಧಿ ವಾಸನೆ ಬರುತ್ತಿದ್ದರೆ, ಬಾಯಿಗೆ ಬಾಯಿ ಇಡಬೇಡಿ. ವಿಷ ನಿಮಗೂ ತಗಲುತ್ತದೆ. ಎದೆ ಮಾತ್ರ ಒತ್ತಿ. ಬೇರೆ ಯಾವ ಕಾರಣಕ್ಕಾದರೂ ಊದಲು ಆಗದೇ ಹೋದರೂ ಹಾಗೇ, ಸುಮ್ನೆ ನಿಂತು ನೋಡುವುದಕ್ಕಿಂತ ಒತ್ತುವುದು ಎಷ್ಟೋ ಮೇಲು.

## ಹಂತ 7: ಎಲ್ಲಿಯ ತನಕ

ಸರಿಯಾಗಿ ಉಸಿರಾಡಲು ಶುರು ಮಾಡುವ ತನಕ, ಆಂಬ್ಯುಲೆನ್ಸಿನವರು ಕೈಗೆ ತೆಗೆದುಕೊಳ್ಳುವ ತನಕ, ಇಲ್ಲವೇ ನಿಮ್ಮ ಕೈಲಿ ಆಗುವುದೇ ಇಲ್ಲ ಅನ್ನುವ ತನಕ ಬಿಡಬೇಡಿ. ಆಂಬ್ಯುಲೆನ್ಸಿನಲ್ಲಿ ಆಮ್ಲಜನಕದ ಸಿಲಿಂಡರ್ ಇರುತ್ತದೆ. ನೀರು ಹೋದ ಶ್ವಾಸಕೋಶಕ್ಕೆ 16.5 ಪಾಲಿನ ಗಾಳಿಗಿಂತ ಅದು ಎಷ್ಟೋ ಉತ್ತಮ. ನೀವು ಊದುತ್ತಿರುವುದು ಅದು ಬರುವ ತನಕ ಮೆದುಳನ್ನು ಉಳಿಸಿಕೊಳ್ಳಲು.

ಉಸಿರು ತಿರುಗಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಿ, ಉಸಿರನ್ನು ನೋಡುತ್ತಲೇ ಇರಿ. ಮತ್ತೆ ನಿಲ್ಲಬಹುದು. ಎದ್ದು ಕೂತು ಮಾತಾಡಿದರೂ ಮನೆಗೆ ಕರೆದುಕೊಂಡು ಹೋಗಬೇಡಿ. ನೀರು ತಾಗಿದ ಶ್ವಾಸಕೋಶ ಕೆಲವು ಗಂಟೆ ಬಿಟ್ಟು ಊದಿಕೊಳ್ಳಬಹುದು. ಕೆಮ್ಮು ಜಾಸ್ತಿಯಾಗುವುದು, ಏದುಸಿರು, ತುಟಿ ನೀಲಿಯಾಗುವುದು, ಮಂಪರು ಅದರ ಲಕ್ಷಣ. ಅದನ್ನು ಕಾಯದೆ ಆಗಲೇ ಆಸ್ಪತ್ರೆಗೆ ಸೇರಿಸಿ, ಎಷ್ಟು ಹೊತ್ತು ನೀರಲ್ಲಿದ್ದರು, ಎಷ್ಟು ಹೊತ್ತು ಊದಿದಿರಿ, ಯಾವಾಗ ಉಸಿರು ಬಂತು ಅನ್ನುವುದನ್ನು ಡಾಕ್ಟರಿಗೆ ಹೇಳಿ.